ಅಡ್ವಾನ್ಸ್ ಕಡಿತದ ಪತ್ರ ಹೇಗಿರಬೇಕು?

"ತುಮಕೂರಿನ ಶಿರಾಗೇಟ್ ಹತ್ತಿರ ನಮ್ಮ ಮನೆ. ಬಾಡಿಗೆದಾರರು ಖಾಲಿ ಮಾಡಿದರು. ಅಡ್ವಾನ್ಸ್ 60,000. ಬಿಲ್, ರಿಪೇರಿ, ಪೇಂಟ್ ಎಲ್ಲ ಸೇರಿಸಿ 15,000 ಹಿಡಿದೆ ಅಂತ ಬರೆದರೆ ಸಾಕಾ?"

ಸಾಕಾಗಲ್ಲ ಸರ್. ಒಟ್ಟು ಮೊತ್ತ ಮಾತ್ರ ಬರೆದರೆ ಜಗಳ ಶುರುವಾಗುವುದೇ ಅಲ್ಲಿಂದ. ಒಂದೊಂದು ಕಡಿತಕ್ಕೂ ಒಂದು ಸಾಲು, ಕಾರಣ, ರಶೀದಿ ಇರಲಿ.

ಉದಾಹರಣೆಗೆ ಹೀಗೆ ಬರೆಯಿರಿ: "ನಿಮ್ಮಿಂದ ಪಡೆದ ಅಡ್ವಾನ್ಸ್ ರೂ. 60,000. ಬಾಕಿ ಬೆಸ್ಕಾಂ ಬಿಲ್ ರೂ. 1,840. ಒಡೆದ ಕಿಟಕಿ ಗಾಜು, ಕೂಲಿ ಸೇರಿ ರೂ. 900. ಸಿಂಕ್‌ನ ಮುರಿದ ನಲ್ಲಿಗೆ ರೂ. 650. ಒಟ್ಟು ಕಡಿತ ರೂ. 3,390. ಉಳಿದ ರೂ. 56,610 ನಿಮ್ಮ ಖಾತೆಗೆ ಹಾಕಿದ್ದೇನೆ." ದಿನಾಂಕ, ವರ್ಗಾವಣೆ ಸಂಖ್ಯೆ, ಸಹಿ ಮರೆಯಬೇಡಿ.

ಕರೆಂಟ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಮುಂದಿನ ಬಿಲ್‌ನಲ್ಲಿ ಅವರು ಹೋದ ಮೇಲಿನ ಬಳಕೆಯೂ ಸೇರಿರುತ್ತದೆ. ಕೀಲಿ ಕೊಟ್ಟ ದಿನದ ಮೀಟರ್ ಫೋಟೊ ಇದ್ದರೆ ಅಲ್ಲಿವರೆಗಿನ ಯೂನಿಟ್ ಮಾತ್ರ ಲೆಕ್ಕ ಹಾಕಿ.

ಇನ್ನು ಪೇಂಟ್. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಇಷ್ಟು ಕಡಿತ ಅಂತ ಕರಾರಿನಲ್ಲಿದ್ದರೆ ಅಷ್ಟೇ ಹಿಡಿಯಿರಿ, ಆ ಷರತ್ತನ್ನು ಪತ್ರದಲ್ಲೂ ಹೇಳಿ. ಇಲ್ಲದಿದ್ದರೆ ವರ್ಷಗಟ್ಟಲೆ ವಾಸದಿಂದ ಮಾಸಿದ ಗೋಡೆಯ ಖರ್ಚನ್ನು ಅವರ ಮೇಲೆ ಹಾಕುವುದು ನ್ಯಾಯವಲ್ಲ, ಅಲ್ವಾ? ಮೊಳೆ ಹೊಡೆದು ಗಾರೆ ಕಿತ್ತಿದ್ದರೆ ಆ ಜಾಗದ ರಿಪೇರಿಯನ್ನಷ್ಟೇ ಕೇಳಿ.