ಅಪ್ಪ ಕೇಳಿದ್ದಾರೆ ಅಂದಮೇಲೆ

ಪ್ರಶ್ನೆ: ಅಪ್ಪನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ಲಿವರ್‌ಗೂ ಹರಡಿದೆ. ಅವರಿಗೆ ಹೊಟ್ಟೆಹುಣ್ಣು ಅಂತ ಹೇಳಿದ್ದೇವೆ. ನಿಜ ಗೊತ್ತಾದರೆ ಕುಸಿದುಹೋಗ್ತಾರೆ, ಹೇಳಲೇಬೇಡ ಅಂತ ಅಮ್ಮ, ಅಣ್ಣ ಇಬ್ಬರೂ ಹಟ ಹಿಡಿದಿದ್ದಾರೆ. ಆದರೆ ನಾವಿಬ್ಬರೇ ಇದ್ದಾಗ ಅಪ್ಪ "ನಿಜ ಹೇಳಮ್ಮ, ನನಗೇನಾಗಿದೆ?" ಅಂತ ಕೇಳ್ತಾರೆ. ನಾನು ಏನು ಹೇಳಲಿ?

ನಿಮ್ಮ ತಂದೆ ಬಾಯಿಬಿಟ್ಟು ಕೇಳಿದ್ದಾರೆ. ನನ್ನ ಮಟ್ಟಿಗೆ ಅರ್ಧ ವಿಷಯ ಅಲ್ಲೇ ತೀರ್ಮಾನವಾಯಿತು. ಏನನ್ನೂ ಕೇಳದೆ ಸುಮ್ಮನಿರುವವರ ಹತ್ತಿರ ಹೋಗಿ ಹೇಳಬೇಕಾ ಅನ್ನುವುದು ನಿಜಕ್ಕೂ ಕಷ್ಟದ ಪ್ರಶ್ನೆ. ಕೇಳಿದವರಿಗೆ ಮಾತ್ರ ಸುಳ್ಳು ಹೇಳಬಾರದು. ಹಾಗಂತ ಸ್ಕ್ಯಾನ್ ರಿಪೋರ್ಟಿನಲ್ಲಿ ಇರುವುದನ್ನೆಲ್ಲ ಇವತ್ತೇ ಅವರ ಮುಂದೆ ಸುರಿಯಬೇಕು ಅಂತಲ್ಲ. ಅವರಿಗೆ ಎಷ್ಟು ಬೇಕು ಅಂತ ಅವರನ್ನೇ ಕೇಳಿ, ಅಷ್ಟನ್ನು ಹೇಳಬಹುದು. ನಾನು ಪ್ಯಾಲಿಯೇಟಿವ್ ಕೇರ್ ವಾರ್ಡಿನಲ್ಲಿ ನರ್ಸ್. ಅಂದರೆ ಗುಣವಾಗದ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡುವ ವಾರ್ಡು. ಈ ಮಾತುಕತೆ ನಮ್ಮ ದಿನನಿತ್ಯದ ಕೆಲಸದಲ್ಲೇ ಬರುತ್ತದೆ.

ಮೊದಲನೆಯದಾಗಿ, ಅಪ್ಪನಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಹುಣ್ಣು ಅಂತ ನೀವು ಹೇಳಿದ್ದೀರಿ, ಆದರೆ ಅವರ ಮೈ ಬೇರೆಯೇ ಹೇಳುತ್ತಿರುತ್ತದೆ. ಈ ಕಾಯಿಲೆಯಲ್ಲಿ ತೂಕ ಒಂದೇ ಸಮನೆ ಇಳಿಯುತ್ತದೆ. ಪಿತ್ತನಾಳ ಕಟ್ಟಿಕೊಂಡರೆ ಕಣ್ಣು ಹಳದಿಯಾಗುತ್ತದೆ, ಮೈಯೆಲ್ಲ ತುರಿಸುತ್ತದೆ. ಎಷ್ಟೋ ಜನರಿಗೆ ನೋವು ಬೆನ್ನಿಗೆ ಹೋಗುತ್ತದೆ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಹಾಯೆನಿಸುತ್ತದೆ. ಇಷ್ಟೆಲ್ಲ ಹುಣ್ಣಿನಿಂದ ಆಗುತ್ತಾ ಅನ್ನುವ ಲೆಕ್ಕ ಅವರ ತಲೆಯಲ್ಲಿ ನಡೆದೇ ಇರುತ್ತದೆ. ನೀವೆಲ್ಲ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುವುದು, ಅವರು ಬಂದ ತಕ್ಷಣ ಮಾತು ಬದಲಿಸುವುದು ಕೂಡ ಅವರಿಗೆ ಕಾಣುತ್ತದೆ.

1960ರ ದಶಕದಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಅಮೆರಿಕದ ಸಮಾಜಶಾಸ್ತ್ರಜ್ಞರು ಸಾವಿಗೆ ಹತ್ತಿರವಾದ ರೋಗಿಗಳ ಸುತ್ತ ಏನು ನಡೆಯುತ್ತದೆ ಅಂತ ಆಸ್ಪತ್ರೆಗಳಲ್ಲಿ ಗಮನಿಸಿದರು. ಅವರು ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ರೋಗಿಗೆ ಏನೂ ಗೊತ್ತಿಲ್ಲದಿರುವುದು ಒಂದು. ರೋಗಿಗೆ ಅನುಮಾನ ಬಂದು ಕೇಳುತ್ತಿರುವುದು ಇನ್ನೊಂದು. ರೋಗಿ, ಮನೆಯವರು ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಗೊತ್ತಿಲ್ಲದವರ ಹಾಗೆ ನಟಿಸುವುದು ಮೂರನೆಯದು. ಎಲ್ಲರೂ ತಿಳಿದು ಮಾತಾಡಿಕೊಳ್ಳುವುದು ಕೊನೆಯದು. ನಿಮ್ಮ ತಂದೆ ಈಗ ಎರಡನೆಯದರಲ್ಲಿದ್ದಾರೆ. ಉತ್ತರ ಸಿಗದಿದ್ದರೆ ಕೇಳುವುದನ್ನು ನಿಲ್ಲಿಸುತ್ತಾರೆ. ಆಗ ಮನೆಯವರು "ಈಗ ಏನೂ ಕೇಳಲ್ಲ, ಸಮಾಧಾನವಾಗಿದ್ದಾರೆ" ಅಂತ ನಮಗೆ ಬಂದು ಹೇಳುತ್ತಾರೆ. ನಾವು ಹೋಗಿ ನೋಡಿದರೆ ಎಷ್ಟೋ ಸಲ ಸಮಾಧಾನ ಇರುವುದಿಲ್ಲ. ಮಕ್ಕಳಿಗೆ ಕಷ್ಟವಾಗುತ್ತೆ ಅಂತ ಸುಮ್ಮನಾಗಿರುತ್ತಾರೆ, ಅಷ್ಟೇ.

ನಮ್ಮ ವಾರ್ಡಿಗೆ ಬಂದಿದ್ದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗುವಂಥದ್ದನ್ನು ಬಿಟ್ಟಿದ್ದೇನೆ. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯಲ್ಲೆಲ್ಲ ಹರಡಿತ್ತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದೆ ಅಂತ ಮಾತ್ರ ಮನೆಯವರು ಅವರಿಗೆ ಹೇಳಿದ್ದರು. ಸೇರಿಸಿದ ದಿನವೇ ಮಗಳು ನನ್ನನ್ನು ಪಕ್ಕಕ್ಕೆ ಕರೆದು "ಅವರೆದುರು ಕ್ಯಾನ್ಸರ್ ಅನ್ನಬೇಡಿ" ಅಂದರು. ನಾನು ಒಪ್ಪಿಕೊಳ್ಳಲೂ ಇಲ್ಲ, ವಾದಕ್ಕೂ ಇಳಿಯಲಿಲ್ಲ. ಹೇಳಿದರೆ ಏನಾಗುತ್ತೆ ಅಂತ ನಿಮಗೆ ಭಯ ಅಂತ ಕೇಳಿದೆ. ಅವರು ತುಂಬ ಹೊತ್ತು ಮಾತಾಡಿದರು. ಅಮ್ಮ ಊಟ ಬಿಡ್ತಾರೆ, ಬದುಕುವ ಆಸೆಯನ್ನೇ ಬಿಡ್ತಾರೆ ಅನ್ನುವ ಭಯ. ಅಷ್ಟು ಕೇಳಿಕೊಂಡ ಮೇಲೆ, ಇದನ್ನು ಮುಚ್ಚಿಡೋದು ನಿಮಗೆ ಹೇಗಾಗ್ತಿದೆ ಅಂದೆ. ರಾತ್ರಿ ಅಮ್ಮನ ಪಕ್ಕ ಮಲಗೋಕೇ ಆಗ್ತಿಲ್ಲ, ಕೇಳಿಬಿಟ್ರೆ ಏನ್ಮಾಡ್ಲಿ ಅಂತ ಅತ್ತುಬಿಟ್ಟರು.

ಆಮೇಲೆ ನಾನು ಒಂದು ಒಪ್ಪಂದ ಕೇಳಿದೆ. "ನಾನಾಗಿಯೇ ಏನೂ ಹೇಳಲ್ಲ. ಅವರಿಗೆ ಏನು ಗೊತ್ತಿದೆ, ಏನು ಬೇಕು ಅಂತ ಮಾತ್ರ ಕೇಳ್ತೀನಿ. ಆದರೆ ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳಲ್ಲ." ಮಗಳು ಇದಕ್ಕೆ ಒಪ್ಪಿದರು. ನಿಮ್ಮ ಅಮ್ಮ, ಅಣ್ಣನ ಹತ್ತಿರ ನೀವು ಕೇಳಬೇಕಾದದ್ದೂ ಇಷ್ಟೇ. "ಹೇಳೋಣ" ಅಂತ ಶುರು ಮಾಡಿದರೆ ಜಗಳ ಆಗುತ್ತದೆ. "ಅಪ್ಪನಿಗೆ ಎಷ್ಟು ಗೊತ್ತಿದೆ ಅಂತ ನೋಡೋಣ" ಅಂದರೆ ಸಾಮಾನ್ಯವಾಗಿ ಬಾಗಿಲು ಸ್ವಲ್ಪ ತೆರೆಯುತ್ತದೆ.

ಡಾಕ್ಟರ್ ಆ ತಾಯಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ನಿಂತುಕೊಂಡು ಈ ಮಾತು ಆಡಬಾರದು. ನಾನು ಪರದೆ ಎಳೆದೆ. "ಕಾಯಿಲೆ ಬಗ್ಗೆ ನಿಮಗೆ ಏನು ಹೇಳಿದ್ದಾರೆ?" ಅಂತ ಡಾಕ್ಟರ್ ಕೇಳಿದರು. "ಹೊಟ್ಟೇಲಿ ನೀರು ಅಂತ. ತೆಗೆದರೂ ಮತ್ತೆ ತುಂಬ್ತಾ ಇದೆ. ಬರೀ ನೀರಾಗಿದ್ರೆ ಹೀಗಾಗುತ್ತಾ?" "ನಿಮಗೆ ಏನನ್ನಿಸುತ್ತೆ?" ಅವರು ಬಾಗಿಲ ಕಡೆ ನೋಡಿದರು. ಮಗಳು ಅಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು "ಕ್ಯಾನ್ಸರ್ ತಾನೆ?" ಅಂದರು.

ಅಷ್ಟಾದರೂ ಡಾಕ್ಟರ್ ಉತ್ತರ ಕೊಡುವ ಮುಂಚೆ ಇನ್ನೊಂದು ಕೇಳಿದರು. "ನನಗೆ ಗೊತ್ತಿರೋದನ್ನ ಹೇಳಲಾ? ಎಲ್ಲಾ ನಿಮಗೇ ಹೇಳಬೇಕಾ, ಇಲ್ಲಾ ಮಗಳ ಜೊತೆ ಮಾತಾಡಲಾ?" "ನನಗೇ ಹೇಳಿ." "ಒಳ್ಳೆ ಸುದ್ದಿ ಅಲ್ಲ." ಸ್ವಲ್ಪ ತಡೆದರು. "ಹೌದು, ಕ್ಯಾನ್ಸರೇ. ಪೂರ್ತಿ ವಾಸಿ ಮಾಡೋಕೆ ಆಗಲ್ಲ. ತೊಂದರೆ ಕಡಿಮೆ ಮಾಡಬಹುದು." ಆಮೇಲೆ ಡಾಕ್ಟರ್ ಬಾಯಿ ಮುಚ್ಚಿಕೊಂಡು ಕೂತರು. ಆ ಮೌನವನ್ನು ತಡೆದುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ನಾವು ಭಯಕ್ಕೆ ಏನೇನೋ ಮಾತಾಡಿ ಅದನ್ನು ತುಂಬಿಬಿಡುತ್ತೇವೆ. ತುಂಬಬಾರದು. ಮುಂದಿನ ಮಾತು ಅವರದ್ದಾಗಬೇಕು.

ಅವರ ಮುಂದಿನ ಮಾತು ಸಾವಿನ ಬಗ್ಗೆ ಇರಲಿಲ್ಲ. "ನೋವು ಜಾಸ್ತಿ ಆಗುತ್ತಾ?" ಅಂತ ಕೇಳಿದರು. ಮಾರ್ಫಿನ್ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತೇವೆ, ನಡುವೆ ನೋವು ಬಂದರೆ ಅದಕ್ಕೆ ಅಂತ ಇನ್ನೊಂದು ಡೋಸ್ ಇರುತ್ತದೆ, ನೀರು ಮತ್ತೆ ತುಂಬಿದರೆ ಮತ್ತೆ ತೆಗೆಯುತ್ತೇವೆ ಅಂತ ವಿವರಿಸಿದೆವು. ಎಷ್ಟು ದಿನದಿಂದ ಈ ಒಂದು ಪ್ರಶ್ನೆ ಹೊತ್ತುಕೊಂಡಿದ್ದರೋ ಏನೋ. ಕೊನೆಗೆ "ನನಗೆ ಗೊತ್ತು ಅಂತ ಮಗಳಿಗೆ ಹೇಳಬೇಡಿ, ಅವಳು ತಡ್ಕೊಳ್ಳಲ್ಲ" ಅಂದರು. ಮಗಳು ಅಮ್ಮನ ಬಗ್ಗೆ ಹೇಳಿದ್ದೂ ಅದನ್ನೇ ಅಲ್ವಾ? ಅವರ ಒಪ್ಪಿಗೆ ಪಡೆದು ಮಗಳನ್ನು ಒಳಗೆ ಕರೆದೆವು. ಆಮೇಲಿನ ಮಾತು ಅವರಿಬ್ಬರದ್ದು.

ಡಾಕ್ಟರ್ ಮಾಡಿದ್ದು ಒಂದು ಕ್ರಮ. ಸರಿಯಾದ ಜಾಗ ನೋಡುವುದು, ರೋಗಿಗೆ ಏನು ಗೊತ್ತಿದೆ ಅಂತ ತಿಳಿಯುವುದು, ಅನುಮತಿ ಕೇಳುವುದು, ಸ್ವಲ್ಪ ಸ್ವಲ್ಪವಾಗಿ ಹೇಳುವುದು, ದುಃಖಕ್ಕೆ ಜಾಗ ಕೊಡುವುದು, ಮುಂದೇನು ಅಂತ ಮಾತಾಡುವುದು. 2000ದಲ್ಲಿ ಬೈಲ್, ಬಕ್‌ಮನ್ ಮೊದಲಾದ ವೈದ್ಯರು ಇದನ್ನು ಸ್ಪೈಕ್ಸ್ ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ಹೆಸರು ನೆನಪಿರಬೇಕಾಗಿಲ್ಲ. ಅನುಮತಿ ಕೇಳುವ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಇನ್ನೊಂದು ಸಣ್ಣ ವಿಷಯ. ಬರೀ ಗಡ್ಡೆ ಅಂದರೆ ಎಷ್ಟೋ ಜನ ತೆಗೆದುಬಿಟ್ಟರೆ ಮುಗಿಯಿತಲ್ಲ ಅಂದುಕೊಳ್ಳುತ್ತಾರೆ. ಹೇಳುವುದಾದರೆ ಕಾಯಿಲೆಯ ಹೆಸರನ್ನು ನೇರವಾಗಿ ಹೇಳಿ.

"ನನಗೆ ಗೊತ್ತಾಗೋದು ಬೇಡ, ಮಗನ ಹತ್ತಿರ ಮಾತಾಡಿ" ಅನ್ನುವವರೂ ಇದ್ದಾರೆ. ಆಗ ಹೇಳಬಾರದು. ಅದು ಅವರ ತೀರ್ಮಾನ, ಅವರ ಪರವಾಗಿ ಬೇರೆಯವರು ಮಾಡಿದ್ದಲ್ಲ. ಮುಂದೆ ಮನಸ್ಸು ಬದಲಾದರೆ ಕೇಳಿ ಅಂತ ಹೇಳಿಟ್ಟರೆ ಸಾಕು. ಜೋರು ನೋವಿರುವಾಗ, ಗೊಂದಲದಲ್ಲಿರುವಾಗ ಕೂಡ ಈ ಮಾತು ಬೇಡ. ಮೊದಲು ನೋವು ಕಡಿಮೆಯಾಗಲಿ.

ಆದರೆ ಗೊಂದಲದ ವಿಷಯದಲ್ಲಿ ನಿಮಗೆ ಒಂದು ಎಚ್ಚರಿಕೆ ಹೇಳಲೇಬೇಕು. ಲಿವರ್ ಕೆಲಸ ಕಡಿಮೆ ಮಾಡತೊಡಗಿದರೆ ಹಗಲಲ್ಲೂ ಮಂಪರು, ಮಾತು ತಪ್ಪುವುದು, ರಾತ್ರಿ ಹಗಲು ಅದಲುಬದಲಾಗುವುದು ಶುರುವಾಗಬಹುದು. ಆಮೇಲೆ ಅವರು ಏನನ್ನಾದರೂ ತೀರ್ಮಾನಿಸುವುದು, ಯಾರಿಗಾದರೂ ಮನಸ್ಸಿನ ಮಾತು ಹೇಳುವುದು ಕಷ್ಟ. ಸ್ವಲ್ಪ ದಿನ ಕಳೆಯಲಿ, ನೋಡೋಣ ಅಂತ ಮುಂದೂಡಿದ ಎಷ್ಟೋ ಮನೆಗಳಲ್ಲಿ ಆ ಸಮಯ ಹೀಗೇ ಕೈತಪ್ಪಿದ್ದನ್ನು ನೋಡಿದ್ದೇನೆ. ಕೀಮೋ ಕೊಡುವ ಯೋಚನೆ ಇದ್ದರಂತೂ ಅವರಿಗೆ ತಿಳಿಯಲೇಬೇಕು. ವಾಂತಿ, ಸುಸ್ತು ಅನುಭವಿಸುವವರು ಅವರು. ಹುಣ್ಣಿಗೆ ಅಂತ ಹೇಳಿ ಅದಕ್ಕೆ ಒಪ್ಪಿಗೆ ಪಡೆಯುವುದು ಒಪ್ಪಿಗೆಯೇ ಅಲ್ಲ.

"ಎಷ್ಟು ದಿನ ಇರ್ತೀನಿ?" ಅಂತ ಕೇಳಿದರೆ ನೀವು ಒಂದು ಸಂಖ್ಯೆ ಹೇಳಬೇಡಿ. ಡಾಕ್ಟರ್ ಕೊಡುವ ಅಂದಾಜು ಎಷ್ಟೋ ಸಲ ಮಧ್ಯದ ಲೆಕ್ಕ. ಅಂದರೆ ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕುತ್ತಾರೆ, ಅರ್ಧ ಜನ ಕಡಿಮೆ. 2000ದಲ್ಲೇ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕೊನೆಯ ಹಂತದ ರೋಗಿಗಳ ಬಗ್ಗೆ ವೈದ್ಯರು ಹೇಳಿದ ಅಂದಾಜು ಸರಿಯಾಗಿದ್ದದ್ದು ಸುಮಾರು 20% ಸಲ ಮಾತ್ರ. ತಪ್ಪಿದ ಕಡೆ ಹೆಚ್ಚಾಗಿ ಜಾಸ್ತಿ ದಿನವನ್ನೇ ಹೇಳಿದ್ದರು. ಹಾಗಾಗಿ ವರ್ಷಗಳ ಮಾತಾ, ತಿಂಗಳುಗಳ ಮಾತಾ, ವಾರಗಳ ಮಾತಾ ಅಂತಷ್ಟೇ ಡಾಕ್ಟರ್ ಬಾಯಿಂದ ಕೇಳಿಸಿ. ಅಪ್ಪನಿಗೆ ಅಷ್ಟು ಬೇಕಿದ್ದರೆ ಮಾತ್ರ.

ತಿಳಿದ ಮೇಲೆ ಅವರು ಅಳಬಹುದು, ಕೆಲವು ದಿನ ಊಟ, ನಿದ್ದೆ ಸರಿಹೋಗದೆ ಇರಬಹುದು, ನಿಮ್ಮ ಮೇಲೆ ಸಿಟ್ಟಾಗಬಹುದು. ದುಃಖದ ನಡುವೆಯೂ ಮೊಮ್ಮಕ್ಕಳು ಬಂದರೆ ಮುಖ ಅರಳುತ್ತದೆ, ಇಷ್ಟದವರ ಹತ್ತಿರ ಮಾತಾಡುತ್ತಾರೆ ಅಂದರೆ ಹೆದರಬೇಡಿ. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಯಾರಿಗೂ ಪ್ರಯೋಜನವಿಲ್ಲ ಅನ್ನುತ್ತಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತಾಡಿದರೆ ಅವರನ್ನು ಒಬ್ಬರನ್ನೇ ಬಿಡದೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಪ್ಪ ಮತ್ತೆ ಕೇಳಿದಾಗ ಕೂತುಕೊಂಡು "ಅಪ್ಪಾ, ನಿಮಗೆ ಏನನ್ನಿಸ್ತಿದೆ? ಯಾವುದು ಹೆಚ್ಚು ಯೋಚನೆ ಆಗ್ತಿದೆ?" ಅಂತ ಕೇಳಿ. "ಬರೀ ಹುಣ್ಣಾ?" ಅಂತ ಅವರು ಬಿಡದೆ ಕೇಳಿದರೆ "ಬರೀ ಹುಣ್ಣಲ್ಲಪ್ಪ. ಪೂರ್ತಿ ವಿಷಯ ಡಾಕ್ಟರ್ ಹತ್ತಿರ ಕೂತು ಕೇಳೋಣ, ನಾನು ಪಕ್ಕದಲ್ಲೇ ಇರ್ತೀನಿ. ಅಮ್ಮ, ಅಣ್ಣನೂ ಇರಲಾ?" ಅನ್ನಿ. ಅದರಲ್ಲಿ ಒಂದೂ ಸುಳ್ಳಿಲ್ಲ, ಅವರು ತಡೆದುಕೊಳ್ಳದಷ್ಟನ್ನು ಒಮ್ಮೆಲೇ ಹೇಳಿದ್ದೂ ಅಲ್ಲ. ಅದಕ್ಕೂ ಮುಂಚೆ, ಈ ವಾರವೇ, ಅಮ್ಮ ಮತ್ತು ಅಣ್ಣನನ್ನು ಕರೆದುಕೊಂಡು ಡಾಕ್ಟರನ್ನು ಒಮ್ಮೆ ಕಾಣಿ. ಅಪ್ಪ ಕೇಳುತ್ತಿದ್ದಾರೆ ಅನ್ನುವುದನ್ನು ಅವರಿಬ್ಬರಿಗೂ ಅಲ್ಲೇ ಹೇಳಿ. ಅವರಿಗೆ ಅದು ಇನ್ನೂ ಗೊತ್ತಿಲ್ಲದೆ ಇರಬಹುದು.