ನಿಮ್ಮ ಸಾಗವಾನಿ ಲೇಖನ ಸದ್ಯಕ್ಕೆ ವಾಪಸ್

"ಸರ್, ಹಾನಗಲ್ ಕಡೆಯ ಸಾಗವಾನಿ ಮರದ ಬುಡದ ತುಂಡಿನ ಫೋಟೋ ನೋಡಿ ಲೇಖನ ಬರೆದಿದ್ದೇನೆ. ಜನವರಿ 2019ರಲ್ಲಿ ಕಡಿದದ್ದು, ತೊಗಟೆ ಇದೆ. ಹೊರಗಿನಿಂದ 17ನೇ ಉಂಗುರ ತೀರಾ ಸಣ್ಣ, ಅಂದರೆ 2003ರ ಬರ. ನಡುವಿನ ಕಪ್ಪು ಭಾಗ ಬೆಂಕಿಯ ಗುರುತು. ಪ್ರಕಟಿಸುತ್ತೀರಾ?"

ಈಗಿರುವ ಹಾಗೆ ಪ್ರಕಟಿಸಲ್ಲ. ಮೊದಲ ಎರಡು ಪುಟ ಅಜ್ಜನ ನೆನಪು, ಅದು ಬೇಡ. ಫೋಟೋ ಮಾತ್ರ ಚೆನ್ನಾಗಿದೆ, ಧಾರವಾಡದ ನಮ್ಮ ಆಫೀಸಿನಲ್ಲಿ ದೊಡ್ಡದು ಮಾಡಿ ಒಂದು ತಾಸು ನೋಡಿದೆ.

ನಡುವಿನ ಕಪ್ಪು ಬೆಂಕಿಯಲ್ಲ, ಅದು ಚೇಗು. ಸಾಗವಾನಿಯಲ್ಲಿ ಒಳಗೆ ಗಾಢ ಬಣ್ಣ, ಹೊರಗೆ ತೆಳು ಬಣ್ಣ ಇರುವುದು ಸಹಜ.

ಇನ್ನು ಎಣಿಕೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಸಾಗವಾನಿ ಮಳೆಗಾಲದಲ್ಲಿ ಬೆಳೆಯುತ್ತದೆ. ಜನವರಿಯಲ್ಲಿ ಕಡಿದಿದ್ದರೆ ತೊಗಟೆಗೆ ಅಂಟಿದ ಕೊನೆಯ ಉಂಗುರ 2018ರದ್ದು. ನೀವು ಅದನ್ನ 2019 ಅಂದುಕೊಂಡಿರಿ. 2018ರಿಂದ ಎಣಿಸಿದರೆ 17ನೆಯದು 2002 ಆಗಬೇಕಲ್ವಾ? ಆದರೆ ನೀವು ಎಣಿಸಿದ 9ನೇ ಗೆರೆಯನ್ನ ಬೆರಳಿಟ್ಟು ಸುತ್ತ ನೋಡಿ, ಅರ್ಧ ದಾರಿಗೆ ಮಸುಕಾಗಿ ಕಾಣೆಯಾಗುತ್ತದೆ. ನಿಜವಾದ ಉಂಗುರ ದೊಡ್ಡ ತೂತುಗಳ ಸಾಲಿನಿಂದ ಶುರುವಾಗುತ್ತದೆ, ಇಲ್ಲಿ ಆ ಸಾಲೇ ಇಲ್ಲ. ಮಳೆಗಾಲದ ನಡುವೆ ಮಳೆ ಕೈಕೊಟ್ಟು ಮತ್ತೆ ಬಂದಾಗ ಇಂಥ ಸುಳ್ಳು ಉಂಗುರ ಬೀಳುತ್ತದೆ. ಅದನ್ನ ಬಿಟ್ಟರೆ ನಿಮ್ಮ 17 ನಿಜಕ್ಕೆ 16, ಅಂದರೆ 2003! ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಯಿತು, ನಗು ಬಂತು. ಹಾಗಂತ ಬರ ಅಂತ ಬರೆಯಬೇಡಿ ಇನ್ನೂ. ಎಲೆ ತಿನ್ನುವ ಹುಳ ಬಿದ್ದರೂ, ಪಕ್ಕದ ಮರ ನೆರಳು ಮಾಡಿದರೂ ಉಂಗುರ ಸಣ್ಣದಾಗುತ್ತದೆ. ಅದೇ ಕಡೆಯ ಇನ್ನೂ ನಾಲ್ಕೈದು ಮರದಲ್ಲಿ ಅದೇ ವರ್ಷ ಸಣ್ಣಗಿದ್ದರೆ ಮಾತು ಬೇರೆ.

ಬೆಂಕಿಯ ಗುರುತು ನಿಮ್ಮ ಫೋಟೋದಲ್ಲಿ ಇದೆ ಅನ್ನಿಸುತ್ತದೆ, ನೀವು ನೋಡಿದ ಜಾಗದಲ್ಲಲ್ಲ. ಎಡಗಡೆ, ನಿಮ್ಮ 12ನೇ ಉಂಗುರದ ಒಳ ಅಂಚಿನಲ್ಲಿ ಗೆರೆಗುಂಟ ಕಪ್ಪು ಬಿರುಕು, ಅದರ ಎರಡೂ ತುದಿಯಿಂದ ಹೊಸ ಕಟ್ಟಿಗೆ ತುಟಿಯ ಹಾಗೆ ಒಳಕ್ಕೆ ಸುರುಳಿಯಾಗಿ ಬಂದು ಗಾಯ ಮುಚ್ಚಿದೆ. ಬಿರುಕಿನ ಒಳಗಿನ ಉಂಗುರಗಳು ಮುರಿದಿಲ್ಲ. ಕೊಡಲಿ ಏಟಾಗಿದ್ದರೆ ಅವೂ ಕತ್ತರಿಸಿರುತ್ತಿದ್ದವು. ಇದ್ದಿಲು ಕಾಣದಿದ್ದರೂ ಚಿಂತೆಯಿಲ್ಲ, ಸಾಮಾನ್ಯವಾಗಿ ತೊಗಟೆಯ ಅಡಿಯ ಜೀವಪದರ ಬಿಸಿಗೆ ಸತ್ತು ಆಮೇಲೆ ತೊಗಟೆ ಉದುರುತ್ತದೆ, ಕಟ್ಟಿಗೆ ಸುಡಬೇಕೆಂದಿಲ್ಲ. ಸುಳ್ಳು ಉಂಗುರ ಕಳೆದರೆ ಅದು ನಿಜದ 11ನೆಯದು, 2008ರದ್ದು. ಗಾಯ 2007ರ ಉಂಗುರ ಮುಗಿದ ಮೇಲೆ, 2008ರ ದೊಡ್ಡ ತೂತು ಶುರುವಾಗುವ ಮೊದಲು. ಬೆಂಕಿಯೇ ಆಗಿದ್ದರೆ, ಅದು 2008ರ ಬೇಸಿಗೆಯದ್ದು.

ಒಂದು ಕೆಲಸ ಮಾಡಿ. ಆ ತುಂಡು ಸಾಮಿಲ್‌ನಲ್ಲಿ ಇನ್ನೂ ಇದ್ದರೆ 80, 220, 400 ನಂಬರಿನ ಸ್ಯಾಂಡ್ ಪೇಪರ್ ಒಂದಾದ ಮೇಲೊಂದು ಉಜ್ಜಿ, ಗರಗಸದ ಗೀರು ಹೋಗಲಿ, ಅವು ಉಂಗುರದ ಹಾಗೇ ಕಾಣುತ್ತವೆ. ಪಕ್ಕಕ್ಕೆ ಒಂದು ಸ್ಕೇಲ್ ಇಟ್ಟು, ನೆಲದಿಂದ ಎಷ್ಟು ಎತ್ತರದಲ್ಲಿ ಕಡಿದದ್ದು ಅಂತ ಬರೆದು ಹೊಸ ಫೋಟೋ ಕಳಿಸಿ. ಬೆಂಕಿಯ ಗಾಯ ಬುಡದಲ್ಲೇ ಜಾಸ್ತಿ ಉಳಿಯುವುದರಿಂದ ಆ ಎತ್ತರ ನನಗೆ ಬೇಕು.