ಎಸ್‌ಒಡಬ್ಲ್ಯೂನಲ್ಲಿ ಮೊದಲು ಅಕ್ಸೆಪ್ಟೆನ್ಸ್ ಭಾಗ ಓದಿ

ಪ್ರಶ್ನೆ: ಮೊದಲ ಸಲ ಪ್ರಾಜೆಕ್ಟ್ ಲೀಡ್ ಆಗಿದ್ದೀನಿ. ಫಿಕ್ಸೆಡ್ ಪ್ರೈಸ್ ಕೆಲಸ, ಏನೇನು ಕೆಲಸ ಅಂತ ಬರೆದಿರೋ ಒಪ್ಪಂದ, ಅಂದರೆ ಎಸ್‌ಒಡಬ್ಲ್ಯೂ, ಇಂಗ್ಲಿಷ್‌ನಲ್ಲಿದೆ. ಡೆಲಿವರಬಲ್ಸ್, ಚೇಂಜ್ ರಿಕ್ವೆಸ್ಟ್, ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಅಂತ ಮೂರು ಭಾಗ ಇವೆ. ಸಹಿ ಆಗೋ ಮೊದಲು ಏನು ನೋಡಬೇಕು?

ಕೊನೆಯಿಂದ ಓದಲು ಶುರು ಮಾಡಿ. ಏನು ಕೊಡಬೇಕು ಅನ್ನುವುದು ಡೆಲಿವರಬಲ್ಸ್ ಪಟ್ಟಿಯಲ್ಲಿರುತ್ತದೆ. ಆದರೆ ಕೊಟ್ಟದ್ದು ಮುಗಿದಿದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಅಕ್ಸೆಪ್ಟೆನ್ಸ್ ಕ್ರೈಟೀರಿಯಾ. ಮುಂದೆ ಯಾವುದು ಬಗ್, ಯಾವುದು ಚೇಂಜ್ ಅಂತ ಜಗಳ ಬಂದರೂ ಅದೇ ಪುಟ ತೆಗೆಯಬೇಕಾಗುತ್ತದೆ.

ಒಂದು ಉದಾಹರಣೆ ನೋಡೋಣ. ಡೆಲಿವರಬಲ್ ಅಂದರೆ ತಿಂಗಳ ಮಾರಾಟದ ವರದಿ ತೋರಿಸುವ ಒಂದು ಸ್ಕ್ರೀನ್ ಅಂದುಕೊಳ್ಳಿ. ಅದರ ಎದುರು 'ಕ್ಲೈಂಟ್‌ಗೆ ತೃಪ್ತಿ ಆಗುವಂತೆ ಇರಬೇಕು' ಅಂತ ಬರೆದಿದ್ದರೆ ಒಪ್ಪಬೇಡಿ. ತೃಪ್ತಿಯನ್ನು ಟೆಸ್ಟ್ ಮಾಡಲು ಆಗುವುದಿಲ್ಲ. ಅದರ ಬದಲು ನಾನಾದರೆ ಹೀಗೆ ಬರೆಯಲು ಕೇಳುತ್ತೇನೆ: ಎರಡೂ ಕಡೆಯವರು ಒಪ್ಪಿದ 10,000 ಸಾಲುಗಳ ಟೆಸ್ಟ್ ಡೇಟಾ ಹಾಕಿದಾಗ ವರದಿ 5 ಸೆಕೆಂಡಿನೊಳಗೆ ತೆರೆಯಬೇಕು. ಒಟ್ಟು ಮೊತ್ತ ಹಳೆಯ ಸಿಸ್ಟಮ್‌ನ ಮೊತ್ತಕ್ಕೆ ಹೊಂದಬೇಕು. ಎಕ್ಸೆಲ್‌ಗೆ ಡೌನ್‌ಲೋಡ್ ಆಗಬೇಕು. ಮೂರೇ ಸಾಲು, ಆದರೆ ಮೂರನ್ನೂ ಯಾರು ಬೇಕಾದರೂ ಕೂತು ಪರೀಕ್ಷೆ ಮಾಡಬಹುದು. ಟೆಸ್ಟ್ ಡೇಟಾ ಯಾರು ಕೊಡಬೇಕು, ಯಾವಾಗ ಕೊಡಬೇಕು ಅಂತಲೂ ಅಲ್ಲೇ ಸೇರಿಸಿ. ಅದು ತಡವಾದರೆ ನಿಮ್ಮ ಡೆಲಿವರಿ ತಾರೀಖೂ ಅಷ್ಟೇ ಮುಂದೆ ಹೋಗಬೇಕು.

ಈಗ ಯುಎಟಿ, ಅಂದರೆ ಕ್ಲೈಂಟ್ ಕಡೆಯವರೇ ಮಾಡುವ ಪರೀಕ್ಷೆ ನಡೆಯುತ್ತಿದೆ, ಕ್ಲೈಂಟ್‌ನಿಂದ ಮೂರು ಮೇಲ್ ಬಂತು ಅಂತಿಟ್ಟುಕೊಳ್ಳಿ. ಮೊದಲನೆಯದು, ಮಾರ್ಚ್ ತಿಂಗಳ ಮೊತ್ತ ಹೊಂದುತ್ತಿಲ್ಲ. ಇದು ಡಿಫೆಕ್ಟ್, ದುಡ್ಡು ಕೇಳದೆ ಸರಿ ಮಾಡಿಕೊಡಬೇಕು. ಎರಡನೆಯದು, ಡೀಲರ್ ಪ್ರಕಾರ ಫಿಲ್ಟರ್ ಬೇಕು. ಅದು ಕ್ರೈಟೀರಿಯಾದಲ್ಲೂ ಇಲ್ಲ, ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲೂ ಇಲ್ಲ. ಹಾಗಾಗಿ ಚೇಂಜ್ ರಿಕ್ವೆಸ್ಟ್. ಮೂರನೆಯದು, ಸ್ಕ್ರೀನ್ ನಿಧಾನ. 5 ಸೆಕೆಂಡ್ ಅಂತ ಬರೆದಿದ್ದರೆ ಗಡಿಯಾರ ನೋಡಿ ಹೇಳಬಹುದು. ಬರೆಯದಿದ್ದರೆ ಇದೇ ಒಂದು ಮೇಲ್ ವಾರಗಟ್ಟಲೆ ಎಳೆದಾಡುತ್ತದೆ, ಆ ಮೈಲ್‌ಸ್ಟೋನ್‌ನ ಇನ್‌ವಾಯ್ಸ್ ಕೂಡ ಅದರ ಜೊತೆಗೇ ನಿಲ್ಲುತ್ತದೆ.

ಡೀಲರ್ ಫಿಲ್ಟರ್ ವಿಷಯಕ್ಕೆ ಬರೋಣ. ಹುಡುಗರು ಅರ್ಧ ದಿನದಲ್ಲಿ ಮಾಡಿಬಿಡುತ್ತೇವೆ ಅನ್ನುತ್ತಾರೆ. ಸುಮ್ನೆ ಮಾಡಿಕೊಡಬೇಡಿ. ಕೋಡ್ ಅರ್ಧ ದಿನ ಇರಬಹುದು, ಆದರೆ ಟೆಸ್ಟಿಂಗ್, ಡೌನ್‌ಲೋಡ್ ಆಗುವ ಎಕ್ಸೆಲ್‌ನಲ್ಲಿ ಬದಲಾವಣೆ, ಯೂಸರ್ ಮ್ಯಾನುಯಲ್ ಎಲ್ಲಾ ಸೇರಿದರೆ 3 ದಿನ ಆಗಬಹುದು. ಚೇಂಜ್ ರಿಕ್ವೆಸ್ಟ್ ಫಾರ್ಮ್‌ನಲ್ಲಿ ಏನು ಬದಲಾಗುತ್ತದೆ, ಎಷ್ಟು ದಿನದ ಕೆಲಸ, ಎಷ್ಟು ಹಣ, ಯಾವ ತಾರೀಖು ಮುಂದೆ ಹೋಗುತ್ತದೆ ಅಂತ ಬರೆಯಿರಿ. ಫಿಲ್ಟರ್‌ಗೂ ಒಂದು ಅಕ್ಸೆಪ್ಟೆನ್ಸ್ ಸಾಲು ಹಾಕಿ. ಇದನ್ನು ತುಂಬಾ ಜನ ಮರೆಯುತ್ತಾರೆ, ಆಮೇಲೆ ಆ ಫಿಲ್ಟರ್ ಹೆಸರಲ್ಲೇ ಹೊಸ ಜಗಳ. ಸಂಬಂಧ ಚೆನ್ನಾಗಿರಲಿ ಅಂತ ಪುಕ್ಕಟೆ ಮಾಡಿಕೊಡುವುದಾದರೂ ಫಾರ್ಮ್ ತುಂಬಿ, ಮೊತ್ತದ ಜಾಗದಲ್ಲಿ ಸೊನ್ನೆ ಹಾಕಿ ಸಹಿ ಮಾಡಿಸಿ. ತಾರೀಖು ಯಾಕೆ ಮುಂದೆ ಹೋಯಿತು ಅನ್ನೋದಕ್ಕೆ ದಾಖಲೆ ಉಳಿಯುತ್ತದೆ.

ಸಹಿ ಯಾರದು ಅನ್ನುವುದೂ ಮುಖ್ಯ. ಕಾಲ್‌ನಲ್ಲಿ ಅವರ ಪ್ರಾಡಕ್ಟ್ ಓನರ್ 'ಓಕೆ, ಮಾಡಿ' ಅಂದರೆ ಸಾಲದು. ಚೇಂಜ್‌ಗೆ ಯಾರು ಸಹಿ ಹಾಕಬಹುದು ಅಂತ ಸಾಮಾನ್ಯವಾಗಿ ಎಸ್‌ಒಡಬ್ಲ್ಯೂನಲ್ಲೇ ಇರುತ್ತದೆ. ಅವರ ಸಹಿ ಬರುವವರೆಗೆ ಹಳೆಯ ಸ್ಕೋಪ್ ಪ್ರಕಾರವೇ ಕೆಲಸ ನಡೆಯಬೇಕು.

ಇನ್ನು ರಿವ್ಯೂ ಅವಧಿ. ಕ್ಲೈಂಟ್‌ಗೆ ಪರೀಕ್ಷೆ ಮಾಡಲು 10 ಕೆಲಸದ ದಿನ ಅಂತ ಇದೆ ಅಂದುಕೊಳ್ಳಿ. 11ನೇ ದಿನವೂ ಉತ್ತರ ಇಲ್ಲದಿದ್ದರೆ ಏನು? ಇದಕ್ಕೆ ಡೀಮ್ಡ್ ಅಕ್ಸೆಪ್ಟೆನ್ಸ್ ಅನ್ನುವ ಸಾಲು ಬೇಕು: ಆ ಅವಧಿಯಲ್ಲಿ ಕಾರಣ ಬರೆದು ರಿಜೆಕ್ಟ್ ಮಾಡದಿದ್ದರೆ ಒಪ್ಪಿದಂತೆ. ಕ್ಲೈಂಟ್ ಕಡೆಯ ವಕೀಲರು ಇದನ್ನು ಹೊಡೆದುಹಾಕಲು ನೋಡುವುದುಂಟು. ಹಾಗಾದರೆ, ಪ್ರೊಡಕ್ಷನ್‌ನಲ್ಲಿ ಬಳಸಲು ಶುರು ಮಾಡಿದರೆ ಒಪ್ಪಿದಂತೆ ಅನ್ನುವ ಸಾಲನ್ನಾದರೂ ಕೇಳಿ. ಅದು ನ್ಯಾಯವಾದ ಬೇಡಿಕೆ. ರಿಜೆಕ್ಟ್ ಆದದ್ದನ್ನು ಸರಿ ಮಾಡಿ ಕಳಿಸಿದ ಮೇಲೆ, ಫೇಲ್ ಆದ ಭಾಗವನ್ನು ಮತ್ತು ಆ ಬದಲಾವಣೆ ತಟ್ಟುವ ಭಾಗವನ್ನು ಮಾತ್ರ ಮತ್ತೆ ನೋಡಬೇಕು ಅಂತಲೂ ಇರಲಿ. ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ 'ಇದೊಂದು ಸೇರಿಸಿ' ಅಂತ ಬರುತ್ತಲೇ ಇರುತ್ತದೆ.

ಎಸ್‌ಒಡಬ್ಲ್ಯೂನಲ್ಲಿ ಈ ಸಾಲುಗಳು ಕಾಣದಿದ್ದರೆ ಎಂಎಸ್‌ಎ, ಅಂದರೆ ಎರಡೂ ಕಂಪನಿಗಳ ನಡುವಿನ ಮೂಲ ಒಪ್ಪಂದ ತರಿಸಿಕೊಳ್ಳಿ. ಎಷ್ಟೋ ಸಲ ರಿವ್ಯೂ ಅವಧಿ ಅಲ್ಲಿರುತ್ತದೆ. ಎರಡರಲ್ಲೂ ಬೇರೆ ಬೇರೆ ದಿನ ಬರೆದಿದ್ದರೆ ಯಾವುದು ನಡೆಯುತ್ತದೆ ಅಂತ ಎಂಎಸ್‌ಎಯ ಆರ್ಡರ್ ಆಫ್ ಪ್ರಿಸಿಡೆನ್ಸ್ ಕ್ಲಾಜ್‌ನಲ್ಲಿ ನೋಡಿ. ಅಲ್ಲಿ ಎಂಎಸ್‌ಎ ಮೇಲು ಅಂತಿದ್ದರೆ, ನೀವು ಎಸ್‌ಒಡಬ್ಲ್ಯೂನಲ್ಲಿ ಕಷ್ಟಪಟ್ಟು ಸೇರಿಸಿದ 10 ದಿನ ನಡೆಯುವುದಿಲ್ಲ. 'ಅಕ್ಸೆಪ್ಟೆನ್ಸ್ ಮಟ್ಟಿಗೆ ಈ ಎಸ್‌ಒಡಬ್ಲ್ಯೂ ಪ್ರಕಾರವೇ' ಅಂತ ಒಂದು ಸಾಲು ಹಾಕಿಸಬೇಕು. ಹಾಗೆ ಬರೆದರೆ ಸಾಕಾ ಅಂತ ಎಂಎಸ್‌ಎ ನೋಡಿ ಹೇಳಲು ನಿಮ್ಮ ಲೀಗಲ್‌ನವರಿಗೆ ಸಹಿಗೆ ಮೊದಲೇ ಕಳಿಸಿ.